ಮಿಕ್ಕ ಟೊಮೇಟೊ: ಒಣಗಿಸುವುದೋ, ಕುದಿಸುವುದೋ?

ಮೂರು ಎಕರೆ ಹಿಡುವಳಿ, ಅದರಲ್ಲೊಂದು ಭಾಗ ಟೊಮೇಟೊ. ಕೊಯ್ಲು ಜೋರಾಗಿರುವ ಐದು ವಾರ, ದಿನ ಬಿಟ್ಟು ದಿನ ನೂರು ಕಿಲೋದಷ್ಟು ಹಣ್ಣು ಹಸಿಯಾಗಿ ಮಾರಾಟವಾಗದೆ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಹದಿನೇಳು ಸುತ್ತಿಗೆ ಸಾವಿರದ ಏಳುನೂರು ಕಿಲೋ. ಇದನ್ನು ಒಣಗಿಸಿ ಮಾರಬೇಕೇ, ಪ್ಯೂರಿ ಮಾಡಿ ಬಾಟಲಿಗೆ ತುಂಬಬೇಕೇ, ಕೆಚಪ್ ಮಾಡಬೇಕೇ? ಮೌಲ್ಯವರ್ಧನೆಯ ಮಾತು ಬಂದಾಗಲೆಲ್ಲ ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಎದುರಿಗೆ ಒಂದು ಕಿಲೋಗೆ ಸಿಗುವ ದರ ನಮೂದಿಸುತ್ತಾರೆ. ಹಾಗೆ ಬರೆದರೆ ಒಣ ಟೊಮೇಟೊ ಯಾವಾಗಲೂ ಗೆಲ್ಲುತ್ತದೆ. ಆದರೆ ಆ ಒಂದು ಕಿಲೋ ಒಣ ಟೊಮೇಟೊ ಒಳಗೆ ಎಷ್ಟು ಕಿಲೋ ಹಸಿ ಹಣ್ಣು ಹೋಗಿದೆ, ಎಷ್ಟು ನೀರು ಹೊರಗೆ ಹೋಗಿದೆ ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಟೊಮೇಟೊ ಎಂದರೆ ಬಹುಪಾಲು ನೀರು. ನೂರು ಕಿಲೋ ಹಣ್ಣಿನಲ್ಲಿ ನೀರಲ್ಲದ ಘನಾಂಶ ತಳಿಗೆ ತಕ್ಕಂತೆ ನಾಲ್ಕೂವರೆಯಿಂದ ಆರೂವರೆ ಕಿಲೋ ಇರುತ್ತದೆ. ಹಸಿಯಾಗಿ ತಿನ್ನಲು ಬೆಳೆಸುವ ರಸಭರಿತ ದುಂಡು ತಳಿಗಳಲ್ಲಿ ಕಡಿಮೆ, ದಪ್ಪ ತಿರುಳಿನ ಉದ್ದನೆಯ ತಳಿಗಳಲ್ಲಿ ಹೆಚ್ಚು. ಈ ಎರಡು ಕಿಲೋ ವ್ಯತ್ಯಾಸ ಚಿಕ್ಕದಾಗಿ ಕಾಣಬಹುದು. ಆದರೆ ಒಣಗಿಸುವವನ ಮಟ್ಟಿಗೆ ಒಂದೇ ಸೌದೆ, ಒಂದೇ ದುಡಿಮೆಗೆ ಐದು ಕಿಲೋ ಸಿಗುವುದೋ ಏಳು ಕಿಲೋ ಸಿಗುವುದೋ ಎಂಬುದು ಅಲ್ಲೇ ನಿರ್ಧಾರವಾಗುತ್ತದೆ. ಆದ್ದರಿಂದ ಯಾವ ಯಂತ್ರದ ವಿಚಾರಣೆಗೂ ಮೊದಲು ಕೈಯಲ್ಲಿ ಹಿಡಿಯುವ ಒಂದು ರಿಫ್ರಾಕ್ಟೋಮೀಟರ್ ಕೊಳ್ಳುವುದು ಒಳ್ಳೆಯದು. ಹತ್ತು ಹಣ್ಣನ್ನು ಹಿಸುಕಿ ಸೋಸಿ, ಎರಡು ಹನಿ ರಸವನ್ನು ಗಾಜಿನ ಮೇಲೆ ಬಿಟ್ಟರೆ ಬ್ರಿಕ್ಸ್ ಅಂಕಿ ಕಾಣುತ್ತದೆ. ಅದು ಕರಗಿದ ಅಂಶ ಮಾತ್ರ. ಒಟ್ಟು ಘನಾಂಶ ಅದಕ್ಕಿಂತ ಸ್ವಲ್ಪ ಜಾಸ್ತಿ. ಕೊಯ್ಲಿಗೆ ಮುಂಚೆ ನೀರು ಹೆಚ್ಚಾಗಿ ಹಾಯಿಸಿದರೆ ಈ ಅಂಕಿ ಇಳಿಯುವುದನ್ನೂ ಅದರಲ್ಲೇ ನೋಡಬಹುದು.

ಮುಂದಿನ ಲೆಕ್ಕಕ್ಕೆ ಒಟ್ಟು ಘನಾಂಶ ಶೇಕಡಾ ಐದೂವರೆ ಎಂದು ಹಿಡಿಯೋಣ. ನೂರು ಕಿಲೋ ಆರಿಸಿ, ಕೊಳೆತದ್ದನ್ನು ಎಸೆದು, ತೊಟ್ಟಿನ ಗಂಟು ತೆಗೆದರೆ ತೊಂಬತ್ತೆರಡು ಕಿಲೋ ಉಳಿಯಿತು ಎನ್ನೋಣ.

ಒಣಗಿಸಿದರೆ

ತೊಂಬತ್ತೆರಡು ಕಿಲೋದಲ್ಲಿ ಘನಾಂಶ ಐದು ಕಿಲೋ ಚಿಲ್ಲರೆ. ತೇವಾಂಶ ಶೇಕಡಾ ಹನ್ನೆರಡಕ್ಕೆ ಇಳಿದಾಗ ಕೈಗೆ ಬರುವುದು ಐದೂ ಮುಕ್ಕಾಲು ಕಿಲೋ. ಅಂದರೆ ಒಣ ಟೊಮೇಟೊದ ಒಂದು ಕಿಲೋ ದರ ಹಸಿ ಹಣ್ಣಿನ ದರಕ್ಕಿಂತ ಹದಿನೇಳು ಪಟ್ಟಿಗೂ ಮೇಲಿದ್ದರೆ ಮಾತ್ರ ಹಣ್ಣಿನ ಬೆಲೆ ವಾಪಸಾಗುತ್ತದೆ. ಸೌದೆ, ಕೂಲಿ, ಚೀಲ ಎಲ್ಲ ಅದರಾಚೆಗೆ. ಹೇಗೂ ಕೊಳೆತುಹೋಗುವ ಹಣ್ಣು, ಅದಕ್ಕೆಂಥ ಬೆಲೆ ಎನ್ನುವವರಿದ್ದಾರೆ. ಆ ವಾದ ಮೊದಲ ವರ್ಷಕ್ಕೆ ಸರಿ. ಡ್ರೈಯರ್ ಕಟ್ಟಿದ ಮೇಲೆ ಅದಕ್ಕೆ ಉಣಿಸಲೆಂದೇ ಹಣ್ಣು ಬೆಳೆಯಬೇಕಾಗುತ್ತದೆ, ಆಗ ಹಣ್ಣಿಗೆ ಬೆಲೆ ಬಂದೇ ಬರುತ್ತದೆ.

ಹೊರಗೆ ಹೋಗಬೇಕಾದ ನೀರು ಎಂಬತ್ತಾರು ಕಿಲೋ. ಅದನ್ನು ಆವಿ ಮಾಡಲು ಬೇಕಾದ ಶಾಖ ಯಾವ ನಷ್ಟವೂ ಇಲ್ಲದಿದ್ದರೆ ಸುಮಾರು ಐವತ್ತೇಳು ಯೂನಿಟ್ ವಿದ್ಯುತ್ತಿಗೆ ಸಮ. ಸಣ್ಣ ಡ್ರೈಯರುಗಳು ಕೊಟ್ಟ ಶಾಖದ ಮೂರರಲ್ಲೊಂದರಿಂದ ಅರ್ಧದಷ್ಟನ್ನು ಮಾತ್ರ ನೀರಿಗೆ ಮುಟ್ಟಿಸುತ್ತವೆ ಎಂದರೂ ನೂರಹದಿನೈದರಿಂದ ನೂರೆಪ್ಪತ್ತು ಯೂನಿಟ್ ಆಯಿತು. ಒಂದು ಸುತ್ತಿಗೆ ಇಷ್ಟು. ಬಿಸಿಲು ಪುಕ್ಕಟೆ ಎಂಬುದೇನೋ ನಿಜ, ಆದರೆ ಬಿಸಿಲು ರಾತ್ರಿ ಇರುವುದಿಲ್ಲ. ಕತ್ತರಿಸಿದ ಟೊಮೇಟೊದ ಹಣೆಬರಹ ಮೊದಲ ಹತ್ತು ಗಂಟೆಯಲ್ಲಿ ಬರೆದುಹೋಗುತ್ತದೆ. ಸಂಜೆಯ ಹೊತ್ತಿಗೆ ಮೇಲ್ಮೈ ಇನ್ನೂ ಒದ್ದೆಯಾಗಿದ್ದರೆ ರಾತ್ರಿಯಲ್ಲಿ ಯೀಸ್ಟ್ ಏಳುತ್ತದೆ, ಬೆಳಿಗ್ಗೆ ಟ್ರೇ ಬಳಿ ಹೋದರೆ ಹುಳಿ ಹೆಂಡದ ವಾಸನೆ. ಆಮೇಲೆ ಎಷ್ಟು ಚೆನ್ನಾಗಿ ಒಣಗಿಸಿದರೂ ಆ ವಾಸನೆ ಹೋಗುವುದಿಲ್ಲ. ಸೌರ ಡ್ರೈಯರ್ ಇಡುವವರು ರಾತ್ರಿಗೆಂದು ಒಂದು ಒಲೆಯ ಶಾಖವನ್ನೂ ಜೋಡಿಸಿಕೊಳ್ಳುವುದು, ಅದಾಗದಿದ್ದರೆ ಬೆಳಿಗ್ಗೆ ಬೇಗ ತೆಳುವಾಗಿ ಹೆಚ್ಚಿ ಹರಡುವುದು ಈ ಕಾರಣಕ್ಕೆ.

ಹೋಳು ಎಂಟರಿಂದ ಹತ್ತು ಮಿಲಿಮೀಟರ್ ದಪ್ಪ ಇರಲಿ. ಅರ್ಧ ಮಾಡಿಯೂ ಒಣಗಿಸಬಹುದು, ನೋಡಲು ಅಂದ. ಆದರೆ ಸಮಯ ಹೆಚ್ಚುಕಡಿಮೆ ಎರಡರಷ್ಟು. ಅರ್ಧ ಹೋಳಾದರೆ ಕೊಯ್ದ ಮುಖ ಮೇಲಕ್ಕೆ ಇಡಬೇಕು. ಒಂದು ಚದರ ಮೀಟರ್ ಟ್ರೇಗೆ ಐದು ಕಿಲೋಗಿಂತ ಹೆಚ್ಚು ಹಾಕಿದರೆ ಹೋಳುಗಳು ಒಂದರ ಮೇಲೊಂದು ಕೂತು ಮಧ್ಯದಲ್ಲಿ ಒದ್ದೆ ಉಳಿಯುತ್ತದೆ. ಹಾಗಾಗಿ ತೊಂಬತ್ತೆರಡು ಕಿಲೋಗೆ ಹದಿನೆಂಟು ಚದರ ಮೀಟರ್ ಜಾಗ ಬೇಕು. ಅರವತ್ತು ಸೆಂಟಿಮೀಟರ್ ಅಗಲ, ತೊಂಬತ್ತು ಉದ್ದದ ಟ್ರೇ ಆದರೆ ಮೂವತ್ತನಾಲ್ಕು. ಮೊದಲ ಡ್ರೈಯರ್ ಕಟ್ಟಿಸುವವರು ಎಡವುವುದು ಇಲ್ಲೇ. ಹತ್ತು ಟ್ರೇಯ ಡ್ರೈಯರ್ ತೋರಿಕೆಗೆ ದೊಡ್ಡದಾಗಿಯೇ ಇರುತ್ತದೆ, ಆದರೆ ನುಂಗುವುದು ಇಪ್ಪತ್ತೇಳು ಕಿಲೋ ಮಾತ್ರ. ಉಳಿದ ಅರವತ್ತೈದು ಕಿಲೋ ಸಾಲಿನಲ್ಲಿ ಕಾಯುತ್ತ ಮೆತ್ತಗಾಗುತ್ತದೆ.

ಗಾಳಿಯ ಬಿಸಿ 55ರಿಂದ 65 ಡಿಗ್ರಿ. ಬೇಗ ಮುಗಿಯಲೆಂದು 75-80ಕ್ಕೆ ಏರಿಸಿದರೆ ಹೋಳಿನ ಹೊರಮೈ ಬಿಗಿದು ತೊಗಲಾಗಿ, ಒಳಗಿನ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಚೀಲ ಕಟ್ಟಿದ ಎರಡು ವಾರಕ್ಕೆ ಬೂಷ್ಟು. ಬಣ್ಣವೂ ಕಂದುತ್ತದೆ. ಒಣಗಿತೋ ಇಲ್ಲವೋ ಎಂಬುದನ್ನು ಕೈಗೆ ಬಿಡದೆ ತಕ್ಕಡಿಗೆ ಬಿಡುವುದು ಮೇಲು. ಒಂದು ಟ್ರೇ ಮೇಲೆ ಸರಿಯಾಗಿ ಎರಡು ಕಿಲೋ ಹೋಳು ತೂಗಿ ಹಾಕಿ ಗುರುತು ಮಾಡಿ. ಐದೂವರೆ ಶೇಕಡಾದ ಲೆಕ್ಕದಲ್ಲಿ ಅದರ ಘನಾಂಶ 110 ಗ್ರಾಂ, ಹನ್ನೆರಡು ಶೇಕಡಾ ತೇವದೊಂದಿಗೆ 125 ಗ್ರಾಂ. ಆ ಟ್ರೇಯ ಹೋಳು 125 ಗ್ರಾಂಗೆ ಇಳಿಯುವವರೆಗೆ ಕೆಲಸ ಮುಗಿದಿಲ್ಲ. ಇಳಿದ ಮೇಲೆ ಎಲ್ಲವನ್ನೂ ಗಾಜಿನ ಡಬ್ಬಗಳಿಗೆ ಮುಕ್ಕಾಲು ಭಾಗ ತುಂಬಿ ಮುಚ್ಚಿ, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸುತ್ತ ನೋಡಬೇಕು. ಹೆಚ್ಚು ಒಣಗಿದ್ದು ಕಡಿಮೆ ಒಣಗಿದ್ದರ ತೇವ ಎಳೆದುಕೊಂಡು ಸಮವಾಗುತ್ತದೆ. ಗಾಜಿನ ಒಳಗೆ ಹನಿ ಕಟ್ಟಿದರೆ ಆ ಡಬ್ಬ ಮತ್ತೆ ಡ್ರೈಯರ್‌ಗೆ.

ಇನ್ನೊಂದು ಎಚ್ಚರಿಕೆ. ಒಣ ಟೊಮೇಟೊವನ್ನು ಎಣ್ಣೆಯಲ್ಲಿ ಮುಳುಗಿಸಿ, ಬೆಳ್ಳುಳ್ಳಿ ಸೇರಿಸಿ ಬಾಟಲಿ ತುಂಬಿದರೆ ದರ ಚೆನ್ನಾಗಿ ಸಿಗುತ್ತದೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಣ್ಣೆಯೊಳಗೆ ಗಾಳಿ ಇಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ, ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣು ವಿಷ ಮಾಡಲು ಅದೇ ಬೇಕಾದ ಜಾಗ. ಆಮ್ಲೀಕರಣವನ್ನು ಅಳೆದು ಖಚಿತಪಡಿಸುವ ವ್ಯವಸ್ಥೆ ಇಲ್ಲದ ಸಣ್ಣ ಘಟಕ ಇದಕ್ಕೆ ಕೈಹಾಕಬಾರದು.

ಪ್ಯೂರಿ ಮಾಡಿದರೆ

ಅದೇ ತೊಂಬತ್ತೆರಡು ಕಿಲೋ. ಸಿಪ್ಪೆ, ಬೀಜ ಹೋಗಿ ಸುಮಾರು ಎಂಬತ್ತೊಂದು ಕಿಲೋ ತಿರುಳು. ಅದನ್ನು ಅರ್ಧಕ್ಕೆ ಇಳಿಸಿದರೆ ನಲವತ್ತು ಕಿಲೋ, ಘನಾಂಶ ಶೇಕಡಾ ಹನ್ನೊಂದು. ಹಣ್ಣಿನ ಬೆಲೆ ವಾಪಸಾಗಲು ಹಸಿ ದರದ ಎರಡೂವರೆ ಪಟ್ಟು ಸಾಕು. ಆವಿಯಾಗಬೇಕಾದ ನೀರು ನಲವತ್ತು ಕಿಲೋ, ಒಣಗಿಸುವಾಗಿನ ಅರ್ಧಕ್ಕಿಂತ ಕಡಿಮೆ. ಕಾಯಿಸುವುದೂ ಸೇರಿ ಸಾಮಾನ್ಯ ಸುಧಾರಿತ ಒಲೆಯಲ್ಲಿ ಮೂವತ್ತು ಕಿಲೋ ಒಣ ಸೌದೆಯ ಆಸುಪಾಸು. ಬಾಟಲಿ ಕುದಿಸುವ ಸೌದೆ ಬೇರೆ.

ಇಲ್ಲಿನ ಗುಟ್ಟು ಮೊದಲ ಐದು ನಿಮಿಷದಲ್ಲಿದೆ. ಟೊಮೇಟೊವನ್ನು ತಣ್ಣಗೆ ಹಿಸುಕಿ, ಆಮೇಲೆ ನಿಧಾನವಾಗಿ ಕಾಯಿಸಿದರೆ ಹಣ್ಣಿನೊಳಗಿನ ಕಿಣ್ವಗಳು ತಿರುಳಿಗೆ ಗಟ್ಟಿತನ ಕೊಡುವ ಪೆಕ್ಟಿನ್ ಅನ್ನು ಕತ್ತರಿಸಿಹಾಕುತ್ತವೆ. ಆಗ ಪ್ಯೂರಿ ಎಷ್ಟು ಕುದಿಸಿದರೂ ಬಾಟಲಿಯಲ್ಲಿ ಮೇಲೆ ಹಳದಿ ನೀರು, ಕೆಳಗೆ ಕೆಂಪು ಗಷ್ಟಾಗಿ ಬೇರ್ಪಡುತ್ತದೆ. ಕೆಟ್ಟಿರುವುದಿಲ್ಲ, ಆದರೆ ಕೊಳ್ಳುವವರು ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಆದ್ದರಿಂದ ಅಗಲ ಪಾತ್ರೆಯಲ್ಲಿ ಮೊದಲು ನಾಲ್ಕೈದು ಕಿಲೋ ಹೋಳು ಹಾಕಿ ಜೋರು ಉರಿಯಲ್ಲಿ ಹಿಸುಕುತ್ತ ಕುದಿ ಬರಿಸಬೇಕು. ಕುದಿಯುತ್ತಿರುವುದಕ್ಕೆ ಉಳಿದ ಹೋಳನ್ನು ಸ್ವಲ್ಪಸ್ವಲ್ಪವೇ, ಕುದಿ ನಿಲ್ಲದಂತೆ ಸೇರಿಸುತ್ತ ಹೋಗಬೇಕು. ಹೆಚ್ಚಿದ ಕೂಡಲೇ ಹೋಳು 85-90 ಡಿಗ್ರಿ ಮುಟ್ಟಿದರೆ ಕಿಣ್ವ ಸಾಯುತ್ತದೆ, ಪೆಕ್ಟಿನ್ ಉಳಿಯುತ್ತದೆ, ಪ್ಯೂರಿ ಬೇಗ ಗಟ್ಟಿಯಾಗುತ್ತದೆ, ಸೌದೆಯೂ ಉಳಿಯುತ್ತದೆ. ನೂರು ಕಿಲೋವನ್ನು ಒಟ್ಟಿಗೆ ಹೆಚ್ಚಿಟ್ಟುಕೊಂಡು ಆಮೇಲೆ ಒಲೆ ಹಚ್ಚುವುದು ಈ ಕೆಲಸದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು.

ಮೆತ್ತಗಾದ ಮೇಲೆ ಸಿಪ್ಪೆ, ಬೀಜ ಬೇರ್ಪಡಿಸುವ ಸಣ್ಣ ಪಲ್ಪರ್‌ನಲ್ಲಿ ಅಥವಾ ಕೈಯಿಂದ ತಿರುಗಿಸುವ ಜರಡಿಯಲ್ಲಿ ಹಾಯಿಸಿ, ತಿರುಳನ್ನು ಅಗಲವಾದ, ಆಳ ಕಡಿಮೆ ಇರುವ ಸ್ಟೀಲ್ ಪಾತ್ರೆಯಲ್ಲಿ ಇಂಗಿಸಬೇಕು. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ತಾಮ್ರ, ಕಬ್ಬಿಣ ತಗುಲಿದರೆ ಬಣ್ಣ ಕಪ್ಪಾಗುತ್ತದೆ. ಮೊದಲರ್ಧ ಜೋರು ಉರಿ ಇರಬಹುದು. ಗುಳ್ಳೆಗಳು ಸಿಡಿಯಲು ಶುರುವಾದ ಮೇಲೆ ಉರಿ ತಗ್ಗಿಸಿ ಕೈ ಬಿಡದೆ ತಿರುವಬೇಕು. ತಳ ಹಿಡಿದರೆ ಕೆರೆಯಬಾರದು. ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ ಮುಂದುವರಿಯಬೇಕು. ಕೆರೆದರೆ ಆ ಕಹಿ ಪೂರ್ತಿ ನಲವತ್ತು ಕಿಲೋಗೂ ಹರಡುತ್ತದೆ.

ಇನ್ನು ಹುಳಿಯ ವಿಚಾರ. ಹುಳಿಯ ಅಳತೆ ಪಿಎಚ್, ಹುಳಿ ಹೆಚ್ಚಿದಷ್ಟೂ ಆ ಅಂಕಿ ಇಳಿಯುತ್ತದೆ. ಬಾಟುಲಿನಂ ಬೆಳೆಯದಿರಲು ಪಿಎಚ್ 4.6ಕ್ಕಿಂತ ಕೆಳಗಿರಬೇಕು. ಟೊಮೇಟೊ ಈ ಗೆರೆಯ ಆಚೀಚೆ ತುಳುಕುವ ಹಣ್ಣು. ಬಹುಪಾಲು ಹಣ್ಣು ಕೆಳಗೇ ಇರುತ್ತದೆ, ಆದರೆ ತೀರಾ ಕಳಿತದ್ದು, ಒಣಗಿ ಸತ್ತ ಗಿಡದಿಂದ ಕಿತ್ತದ್ದು ಗೆರೆ ದಾಟಬಹುದು. ಬೂಷ್ಟು ಹಿಡಿದ ಹಣ್ಣು ಇನ್ನೂ ಕೆಟ್ಟದ್ದು, ಏಕೆಂದರೆ ಬೂಷ್ಟು ಹುಳಿಯನ್ನೇ ತಿಂದು ಪಿಎಚ್ ಏರಿಸುತ್ತದೆ. ಅಂದಂದೇ ಒಡೆದ, ಗಾಯವಾದ ಹಣ್ಣು ಪ್ಯೂರಿಗೆ ಆಗುತ್ತದೆ, ಬೂಷ್ಟಿನ ಭಾಗ ಕತ್ತರಿಸಿ ಉಳಿದದ್ದು ಹಾಕುವುದು ಆಗುವುದಿಲ್ಲ. ಹೇಗಿದ್ದರೂ ಪ್ರತಿ ಲೀಟರಿಗೆ ಎರಡೂವರೆ ಗ್ರಾಂ ಸಿಟ್ರಿಕ್ ಆಮ್ಲವನ್ನು ತೂಗಿ ಸೇರಿಸುವುದು ಕಡ್ಡಾಯ ಎಂದೇ ಇಟ್ಟುಕೊಳ್ಳಬೇಕು. ಮೂವತ್ತೊಂಬತ್ತು ಲೀಟರಿಗೆ ನೂರು ಗ್ರಾಂಗಿಂತ ತುಸು ಕಡಿಮೆ. ಹಸಿ ನಿಂಬೆರಸದ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುವುದರಿಂದ ಅದನ್ನು ನಂಬುವಂತಿಲ್ಲ. ಅಳೆಯಲು ಬಣ್ಣದ ಕಾಗದವಲ್ಲ, ಮೀಟರ್ ಬೇಕು. ಪ್ರತಿದಿನ 4.01 ಮತ್ತು 7.00ರ ಬಫರ್ ದ್ರಾವಣದಲ್ಲಿ ಸರಿಹೊಂದಿಸಿ, ಮಾದರಿಯನ್ನು ತಣಿಸಿ ಅಳೆಯಬೇಕು. ಗುರಿ 4.6 ಅಲ್ಲ, 4.2. ಮೀಟರಿನ ತಪ್ಪು, ಕಲಕುವುದರಲ್ಲಿನ ಹೆಚ್ಚುಕಡಿಮೆ ಇವಕ್ಕೆಲ್ಲ ಆ ಅಂತರ ಜಾಗ ಕೊಡುತ್ತದೆ.

ಅರ್ಧ ಲೀಟರಿನ ಗಾಜಿನ ಬಾಟಲಿಗೆ ಬಿಸಿಬಿಸಿ ತುಂಬಿ, ಮುಚ್ಚಿ, ನೀರಿನಲ್ಲಿ ಮುಳುಗಿಸಿ ಕುದಿಸುವುದು ಮುಂದಿನ ಹೆಜ್ಜೆ. ಸಮುದ್ರಮಟ್ಟದಿಂದ ಮುನ್ನೂರು ಮೀಟರ್ ಎತ್ತರದವರೆಗೆ ಕುದಿ ಬಂದ ಮೇಲೆ 35 ನಿಮಿಷ, ಒಂಬೈನೂರರವರೆಗೆ 40, ಸಾವಿರದ ಎಂಟುನೂರರವರೆಗೆ 45. ಮೇಲೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಈ ಸೇರ್ಪಡೆ. ಲೆಕ್ಕ ತಪ್ಪುವುದು ಇಲ್ಲಿ. ನಲವತ್ತು ಕಿಲೋ ಪ್ಯೂರಿ ಎಂದರೆ ಸುಮಾರು ಎಪ್ಪತ್ತೈದು ಬಾಟಲಿ. ಪಾತ್ರೆಗೆ ಹದಿನೈದು ಹಿಡಿದರೆ ಐದು ಸಲ, ಪ್ರತಿಯೊಂದಕ್ಕೂ ಕುದಿ ಬರುವುದು, ತೆಗೆಯುವುದು ಸೇರಿ ಒಂದು ಗಂಟೆಯ ಮೇಲೆ. ಅಂದರೆ ಇಂಗಿಸುವುದಕ್ಕಿಂತ ಬಾಟಲಿ ಕುದಿಸುವುದೇ ದಿನವನ್ನು ತಿನ್ನುತ್ತದೆ. ಹಣ ಇದ್ದರೆ ಪಲ್ಪರ್ ದೊಡ್ಡದು ಮಾಡುವ ಬದಲು ಕುದಿಸುವ ಪಾತ್ರೆಯನ್ನು ಎರಡು ಮಾಡಿಕೊಳ್ಳುವುದು ಜಾಣತನ. ಎಂಬತ್ತೈದು ಡಿಗ್ರಿಗೂ ಮೇಲೆ ಬಿಸಿ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ಮುಗಿಸುವ ಪದ್ಧತಿಯೂ ಉಂಟು, ಕಾರ್ಖಾನೆಗಳು ಅದನ್ನೇ ಮಾಡುತ್ತವೆ. ಆದರೆ ಕೈಯಿಂದ ತುಂಬುವಾಗ ಕೊನೆಯ ಹತ್ತು ಬಾಟಲಿಗೆ ಹೋಗುವ ಪ್ಯೂರಿ ಎಷ್ಟು ಆರಿರುತ್ತದೆ ಎಂಬುದನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಶುರುವಿನಲ್ಲಿ ಕುದಿಸುವುದೇ ಕ್ಷೇಮ.

ಪ್ಯೂರಿಯ ನಿಜವಾದ ಭಾರ ಬಾಟಲಿ. ಹದಿನೇಳು ಸುತ್ತಿಗೆ ಸಾವಿರದ ಇನ್ನೂರ ಎಪ್ಪತ್ತೈದು ಬಾಟಲಿ, ಅಷ್ಟೇ ಹೊಸ ಮುಚ್ಚಳ, ಇವೆಲ್ಲ ಕೊಯ್ಲಿಗೆ ಮೊದಲೇ ಹಣ ಕೊಟ್ಟು ತಂದಿಡಬೇಕು. ಮಾರಾಟವಾಗುವವರೆಗೆ ಆ ಹಣ ಕಪಾಟಿನಲ್ಲಿ ಕೂತಿರುತ್ತದೆ. ಒಣ ಟೊಮೇಟೊ ಆದರೆ ಇಡೀ ಹಂಗಾಮಿನದು ತೊಂಬತ್ತೆಂಟು ಕಿಲೋ, ಕೆಲವೇ ಚೀಲ, ಹೊತ್ತುಕೊಂಡು ದೂರದ ಮಾರುಕಟ್ಟೆಗೂ ಹೋಗಬಹುದು. ಪ್ಯೂರಿಯ ಗಿರಾಕಿ ಹತ್ತಿರವೇ ಇರಬೇಕು, ಖಾಲಿ ಬಾಟಲಿ ಹಿಂತಿರುಗಿಸುವಂಥವನಾದರೆ ಇನ್ನೂ ಒಳ್ಳೆಯದು. ಅಡುಗೆಮನೆ ನಡೆಸುವ ಸಣ್ಣ ಹೋಟೆಲು, ಹಾಸ್ಟೆಲು ಈ ಲೆಕ್ಕಕ್ಕೆ ಹೊಂದುತ್ತವೆ.

ಕೆಚಪ್

ಕೆಚಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಬತ್ತೊಂದು ಕಿಲೋ ತಿರುಳಿಗೆ ಕಿಲೋಗೆ 75 ಗ್ರಾಂನಂತೆ ಆರು ಕಿಲೋ ಸಕ್ಕರೆ, ಮುಕ್ಕಾಲು ಕಿಲೋ ಉಪ್ಪು, ವಿನೆಗರ್, ಮಸಾಲೆ ಹಾಕಿ 28 ಬ್ರಿಕ್ಸ್‌ಗೆ ಇಂಗಿಸಿದರೆ ನಲವತ್ತು ಕಿಲೋ ಸಿಗುತ್ತದೆ. ಪ್ಯೂರಿಯಷ್ಟೇ ತೂಕ, ಅದರ ಮೇಲೆ ಸಕ್ಕರೆಯ ಖರ್ಚು. ಸಕ್ಕರೆ ಬಿದ್ದ ಮೇಲೆ ತಳ ಹಿಡಿಯುವುದು ಇನ್ನೂ ಸುಲಭ, ಆದ್ದರಿಂದ ಸಕ್ಕರೆಯ ಮೂರನೇ ಒಂದು ಭಾಗ ಮೊದಲು, ಉಳಿದದ್ದು ಕೊನೆಗೆ. ವಿನೆಗರ್ ಕೊನೆಯ ಕೆಲವು ನಿಮಿಷಕ್ಕೆ, ಬೇಗ ಹಾಕಿದರೆ ಆವಿಯಾಗಿ ಹೋಗುತ್ತದೆ. ಹುಳಿ ಮತ್ತು ಸಕ್ಕರೆಯ ಬಲದಿಂದ ಇದು ತೆರೆದ ಮೇಲೆ ಪ್ಯೂರಿಗಿಂತ ಹೆಚ್ಚು ದಿನ ತಾಳುವ ಪದಾರ್ಥ. ಆದರೆ ಕೊಳ್ಳುವವರ ನಾಲಿಗೆ ಕಾರ್ಖಾನೆಯ ಕೆಚಪ್‌ಗೆ ಒಗ್ಗಿಹೋಗಿರುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ರುಚಿ, ಅದೇ ಗಟ್ಟಿತನ ಬರಿಸುವುದು ಹಣ್ಣು ಕೊಳೆಯುತ್ತಿರುವ ವಾರದಲ್ಲಿ ಮಾಡುವ ಕೆಲಸವಲ್ಲ. ಮಾಡಲೇಬೇಕೆಂದಿದ್ದರೆ ಹಂಗಾಮಿನಲ್ಲಿ ಪ್ಯೂರಿ ಮಾಡಿಟ್ಟು, ಬಿಡುವಿನ ತಿಂಗಳಲ್ಲಿ ಆ ಬಾಟಲಿಗಳನ್ನು ತೆರೆದು ಸಣ್ಣ ಸಣ್ಣ ಪಾತ್ರೆಯಲ್ಲಿ ಕೆಚಪ್ ಮಾಡಬಹುದು.

ಮೂರನ್ನೂ ತೂಗಿ ನೋಡಿದರೆ, ಮೇಲೆ ಹೇಳಿದಂಥ ನೂರು ಕಿಲೋದ ಸುತ್ತುಗಳಿರುವ ರೈತನಿಗೆ ಮೊದಲು ಪ್ಯೂರಿಯೇ ಸರಿ ಎನ್ನಬೇಕಾಗುತ್ತದೆ. ಅದು ಒಡೆದ, ಮೆತ್ತಗಾದ ಹಣ್ಣನ್ನೂ ಸ್ವೀಕರಿಸುತ್ತದೆ, ಮಳೆ ಬಂದರೂ ನಿಲ್ಲುವುದಿಲ್ಲ, ಆ ದಿನದ ಹಣ್ಣನ್ನು ಆ ದಿನವೇ ಮುಗಿಸುತ್ತದೆ. ಒಣಗಿಸುವುದು ಗಟ್ಟಿ ಹಣ್ಣನ್ನು ಕೇಳುತ್ತದೆ, ಅಂದರೆ ಹಸಿಯಾಗಿಯೇ ಮಾರಾಟವಾಗಬಲ್ಲ ಹಣ್ಣನ್ನು. ಕೊಯ್ಲಿನ ಹಂಗಾಮಿನಲ್ಲಿ ಗಾಳಿ ಒಣದಾಗಿರುವ ಕಡೆ, ದಪ್ಪ ತಿರುಳಿನ ತಳಿ ಬೆಳೆದವರಿಗೆ, ಗಿರಾಕಿ ದೂರದಲ್ಲಿರುವವರಿಗೆ ಲೆಕ್ಕ ತಿರುಗುತ್ತದೆ, ಅವರು ಒಣಗಿಸಲಿ. ವರ್ಷದ ಸಾವಿರದ ಏಳುನೂರು ಕಿಲೋವನ್ನು 365 ದಿನಕ್ಕೆ ಭಾಗಿಸಿ ದಿನಕ್ಕೆ ಐದು ಕಿಲೋ ತಾನೇ ಎಂದು ಸಣ್ಣ ಉಪಕರಣ ಕೊಳ್ಳುವುದು ಮಾತ್ರ ಎರಡೂ ದಾರಿಯಲ್ಲಿ ಸೋಲು. ಹಣ್ಣು ಬರುವುದು ಐದೇ ವಾರ, ಉಪಕರಣ ಆ ವಾರಗಳ ಅಳತೆಗೆ ಇರಬೇಕು.

ಕೊಳ್ಳುವ ಮೊದಲು ಹತ್ತು ಹತ್ತು ಕಿಲೋ ಹಣ್ಣಿನಲ್ಲಿ ಎರಡನ್ನೂ ಮನೆಯ ಪಾತ್ರೆಗಳಲ್ಲೇ ಮಾಡಿ ನೋಡಿ. ಹೆಚ್ಚಲು ಎಷ್ಟು ನಿಮಿಷ, ಸೌದೆ ಎಷ್ಟು ಕಿಲೋ, ಕೊನೆಗೆ ತೂಕ ಎಷ್ಟು ಎಂದು ಬರೆದಿಡಿ. ಪ್ಯೂರಿಯ ಬಾಟಲಿಗಳಲ್ಲಿ ಕೆಲವನ್ನು 30-35 ಡಿಗ್ರಿ ಬೆಚ್ಚಗಿರುವ ಜಾಗದಲ್ಲಿ ಎರಡು ವಾರ ಇಡಿ. ಮುಚ್ಚಳ ಉಬ್ಬಿದರೆ, ತೆರೆದಾಗ ಗಾಳಿ ಚಿಮ್ಮಿದರೆ, ಅಂಚಿನಲ್ಲಿ ಬೂಷ್ಟಿನ ಉಂಗುರ ಕಂಡರೆ ಕುದಿಸುವುದರಲ್ಲೋ ಮುಚ್ಚುವುದರಲ್ಲೋ ತಪ್ಪಾಗಿದೆ. ಮುಚ್ಚಳ ಸರಿಯಾಗಿಯೇ ಇದ್ದು ವಾಸನೆ ಮಾತ್ರ ಔಷಧಿಯಂತೆ ಬದಲಾಗಿದ್ದರೆ ಅದು ಗಾಳಿ ಬಿಡದೆ ಕೆಡಿಸುವ, ಶಾಖ ತಡೆದುಕೊಳ್ಳುವ ಬ್ಯಾಕ್ಟೀರಿಯಾದ ಕೆಲಸ, ತೊಳೆಯುವುದರಲ್ಲಿ ಮಣ್ಣು ಉಳಿದಿದೆ ಎಂದರ್ಥ. ಇಂಥ ಬಾಟಲಿಯನ್ನು ರುಚಿ ನೋಡಲೂ ಹೋಗಬೇಡಿ, ದನಕ್ಕೂ ಹಾಕಬೇಡಿ. ಬಾಟಲಿ ಸಮೇತ ಅರ್ಧ ಗಂಟೆ ಕುದಿಸಿ, ಆರಿದ ಮೇಲೆ ಪ್ರಾಣಿಗಳು ಕೆದಕದಷ್ಟು ಆಳದ ಗುಂಡಿಯಲ್ಲಿ ಹೂಳಿ.